ಬಿಸಿಲಿಗೆ ಶಾಲೆ ಸಮಯ ಬದಲು: 4ನೇ ತರಗತಿ ಪೋಷಕರ ಗಮನಕ್ಕೆ

ನಮಸ್ಕಾರ. ಕೋಲಾರದಲ್ಲಿ ಬಿಸಿಲು ಜೋರಾಗಿರುವುದರಿಂದ ನಾಳೆಯಿಂದ ಶನಿವಾರದವರೆಗೆ ತರಗತಿ ಬೆಳಗ್ಗೆ 8ರಿಂದ 11.30ರವರೆಗೆ ಮಾತ್ರ. ಬಿಸಿಯೂಟ ಮುಗಿಸಿಯೇ ಮಕ್ಕಳನ್ನು ಕಳಿಸುತ್ತೇವೆ. ಮೊನ್ನೆ ತಲೆನೋವೆಂದು ಅತ್ತ ಹುಡುಗಿಯ ನೀರಿನ ಬಾಟಲಿ ತುಂಬಿದ್ದ ಹಾಗೇ ಇತ್ತು. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ, ದಯವಿಟ್ಟು ಮನೆಯಲ್ಲಿ ಗಮನಿಸಿ.

ಮಧ್ಯಾಹ್ನ ಮನೆಯೊಳಗೇ ಒಂದು ಪಾಠ. ಅಗಲದ ತಟ್ಟೆಗೊಂದು ಲೋಟ, ಚೊಂಬಿಗೊಂದು ಲೋಟ ನೀರು ಹಾಕಿ ಕಿಟಕಿ ಪಕ್ಕ ಇಡಲಿ. ಸಂಜೆ ಎರಡನ್ನೂ ಒಂದೊಂದಾಗಿ ಅದೇ ಲೋಟಕ್ಕೆ ಸುರಿದು, ಎಷ್ಟು ಇಳಿದಿದೆ ಎಂದು ಸ್ಕೇಲಿನಲ್ಲಿ ಅಳೆದು ಬರೆಯಲಿ. ತಟ್ಟೆಯ ನೀರೇ ಹೆಚ್ಚು ಇಳಿದಿರುತ್ತದೆ. ಯಾಕೆಂದು ಮಗುವೇ ಯೋಚಿಸಲಿ, ನೀವು ಹೇಳಿಕೊಡಬೇಡಿ. ಅಗಲವಿದ್ದೂ ಆಳವಿಲ್ಲದ ಕೆರೆ ಬೇಸಿಗೆಗೆ ಬೇಗ ಬತ್ತುವುದೇಕೆ ಎಂದು ಸೋಮವಾರ ಇದರಿಂದಲೇ ಶುರುಮಾಡುತ್ತೇನೆ.