ರೆಕಾರ್ಡಿಂಗ್ ನೋಡುವವರಿಗೆ

ಶಿಕ್ಷಕರೇ, ಪಾಠದಲ್ಲಿ ಮಕ್ಕಳು ಎಲ್ಲಿ ಗೊಂದಲಗೊಂಡರು ಎಂದು ಹುಡುಕಲು ಜೂಮ್ ತರಗತಿಯ ರೆಕಾರ್ಡಿಂಗನ್ನು ಮೊದಲಿಂದ ಕೊನೆವರೆಗೆ ನೋಡುತ್ತಾ ಕೂರಬೇಡಿ. ಹಾಜರಾತಿ ವರದಿಯಲ್ಲಿ ಪ್ರತಿಯೊಬ್ಬರೂ ಸೇರಿದ, ಹೊರಟ ಸಮಯ ಇರುತ್ತದೆ. ಆದರೆ ಅದು ಗಡಿಯಾರದ ಸಮಯ; ರೆಕಾರ್ಡಿಂಗ್ ಶುರುವಾಗುವುದು ನೀವು ಬಟನ್ ಒತ್ತಿದಾಗ. 7:04ಕ್ಕೆ ಒತ್ತಿದ್ದರೆ, 7:41ಕ್ಕೆ ಹೊರಟವರನ್ನು 37ನೇ ನಿಮಿಷದಲ್ಲಿ ಹುಡುಕಿ. ಅದಕ್ಕೂ ಮೊದಲು ರೆಕಾರ್ಡಿಂಗನ್ನು ಪಾಸ್ ಮಾಡಿ ಮುಂದುವರಿಸಿದ್ದರೆ ಅಷ್ಟು ಹೊತ್ತನ್ನೂ ಕಳೆಯಬೇಕು.

ಅದೇ ಹೆಸರು ಒಂದೆರಡು ನಿಮಿಷದಲ್ಲಿ ಮತ್ತೆ ಸೇರಿದ್ದರೆ ಬಹುಶಃ ನೆಟ್‌ವರ್ಕ್ ಕೈಕೊಟ್ಟಿದೆ, ಅದನ್ನು ಬಿಡಿ. ನಾಲ್ಕೈದು ಜನ ಒಟ್ಟಿಗೆ ಹೋಗಿ ಮರಳದಿದ್ದರೆ ಅದಕ್ಕಿಂತ ಮೂರು ನಿಮಿಷ ಹಿಂದಿನಿಂದ ಕೇಳಿ. ಚಾಟ್‌ನ ಪ್ರಶ್ನೆಗಳಿಗೂ ಹೀಗೆಯೇ: ಟೈಪ್ ಮಾಡಲು ಹೊತ್ತು ಬೇಕಲ್ಲ, ಗೊಂದಲ ಹುಟ್ಟಿದ ಮಾತು ಸಾಮಾನ್ಯವಾಗಿ ಒಂದು ನಿಮಿಷ ಹಿಂದಿರುತ್ತದೆ. ಮಕ್ಕಳ ಹೆಸರಿರುವ ವರದಿಯನ್ನು ಇಲ್ಲಿ ಹಾಕಬೇಡಿ, ನಿಮಿಷಗಳನ್ನಷ್ಟೇ ಬರೆಯಿರಿ.