ಗ್ರಾಫಿಕ್ ಕಾದಂಬರಿ ಸ್ಕ್ರಿಪ್ಟ್: ಭಾನುವಾರದೊಳಗೆ ಕಳಿಸಿ

ಎಲ್ಲರಿಗೂ ನಮಸ್ಕಾರ. ತಮ್ಮ ಕಥೆಯನ್ನು ಗ್ರಾಫಿಕ್ ಕಾದಂಬರಿಯಾಗಿ ಬರೆಯುತ್ತಿರುವವರು ಮೊದಲ ನಾಲ್ಕು ಪುಟದ ಸ್ಕ್ರಿಪ್ಟನ್ನು ಭಾನುವಾರ ಸಂಜೆ 6ರೊಳಗೆ ಇಲ್ಲಿ ಹಾಕಿ. ಅದಕ್ಕೂ ಮುನ್ನ ಇಷ್ಟು ನೋಡಿಕೊಳ್ಳಿ.

ಒಂದು ಪ್ಯಾನೆಲ್ ಎಂದರೆ ನಿಂತ ಒಂದು ಕ್ಷಣ. "ಗೌರಿ ಬಾಗಿಲು ತೆರೆದು, ಪತ್ರ ಓದಿ, ಕುಸಿದಳು" ಎಂಬುದು ಗದ್ಯದಲ್ಲಿ ಒಂದೇ ವಾಕ್ಯ. ಚಿತ್ರಕಾರರಿಗೆ ಮೂರು ಚಿತ್ರ. ಹೀಗೆ ಬಿಡಿಸಿ:

ಪ್ಯಾನೆಲ್ 1: ಹೊಸಿಲ ಬಳಿ ಗೌರಿ. ಒಳಗೆ ಮೇಜಿನ ಮೇಲೆ ಪತ್ರ ಕಾಣುತ್ತಿದೆ.
ಪ್ಯಾನೆಲ್ 2: ಹತ್ತಿರದಿಂದ, ಪತ್ರ ಹಿಡಿದ ಬೆರಳುಗಳು. ಮಾತಿಲ್ಲ.
ಪ್ಯಾನೆಲ್ 3: ದೂರದಿಂದ, ನೆಲದ ಮೇಲೆ ಕುಸಿದು ಕೂತ ಗೌರಿ.
ಗೌರಿ: "ಅಣ್ಣ ಇನ್ನು ಬರಲ್ಲ."

ಮೂರನೆಯದು ಎಡಪುಟದ ಆರಂಭದಲ್ಲಿರಲಿ, ಹಾಳೆ ತಿರುವಿದ ಮೇಲೆಯೇ ಕಾಣಬೇಕು. ಬಲಪುಟದಲ್ಲಿಟ್ಟರೆ ಓದುಗರು ಎಡಪುಟ ಓದುತ್ತಿರುವಾಗಲೇ ಅದು ಕಣ್ಣಿಗೆ ಬಿದ್ದು ಗುಟ್ಟು ರಟ್ಟಾಗುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಮಾತು ಬರೆಯುವ ಒಂದು ಬಲೂನಿಗೆ ಹತ್ತು-ಹನ್ನೆರಡು ಪದ ಸಾಕು. ಕನ್ನಡದ ಪದಗಳು ಉದ್ದ, ಒತ್ತಕ್ಷರಕ್ಕೆ ಸಾಲಿನ ಕೆಳಗೂ ಜಾಗ ಬೇಕು. ಮೊದಲು ಮಾತಾಡುವವರನ್ನು ಎಡಗಡೆ ನಿಲ್ಲಿಸಿ, ಇಲ್ಲದಿದ್ದರೆ ಬಲೂನುಗಳ ಬಾಲ ಒಂದನ್ನೊಂದು ದಾಟುತ್ತವೆ.

ಈ ವಾರ ಯಾರ್ಯಾರು ಕಳಿಸುತ್ತೀರಿ, ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.