ಅನಸ್ತೇಶಿಯಾ ಫಾರಂನಲ್ಲಿ ಗೊರಕೆಯ ಪ್ರಶ್ನೆಯೇ ಇಲ್ಲ: ದೂರು

ಗೆ,
ಆಡಳಿತಾಧಿಕಾರಿಗಳು,
ಡೇ ಕೇರ್ ಸರ್ಜರಿ ವಿಭಾಗ, ಮೈಸೂರು

ಮಾನ್ಯರೇ,

ಕಳೆದ ವಾರ ನಿಮ್ಮಲ್ಲಿ ನಮ್ಮ ತಂದೆಗೆ ಹರ್ನಿಯಾ ಆಪರೇಷನ್ ಆಯಿತು. ಅವರಿಗೆ 58 ವರ್ಷ, ಮಂಡ್ಯದಲ್ಲಿದ್ದಾರೆ. ಆಪರೇಷನ್ ಬಗ್ಗೆ ನನ್ನ ತಕರಾರಿಲ್ಲ, ಗಾಯ ಚೆನ್ನಾಗಿ ಮಾಗುತ್ತಿದೆ. ನನ್ನ ದೂರು ಅನಸ್ತೇಶಿಯಾಗೆ ಮುಂಚೆ ತುಂಬಿಸಿಕೊಂಡ ಫಾರಂ ಬಗ್ಗೆ. ನಾನು ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಥಿಯೇಟರ್ ನರ್ಸ್. ಅವತ್ತು ಡ್ಯೂಟಿಯಲ್ಲಿದ್ದೆ, ಫೈಲ್ ನೋಡಿದ್ದು ಆಮೇಲೆ.

ಫಾರಂನಲ್ಲಿ "ಬಿಪಿ: ಹೌದು / ಇಲ್ಲ" ಅಂತ ಒಂದೇ ಸಾಲು. ಗೊರಕೆ ಬಗ್ಗೆ ಒಂದಕ್ಷರವೂ ಇಲ್ಲ. ಅಮ್ಮ ತಾವಾಗಿಯೇ ಹೇಳಿದ್ದಾರೆ: "ಇವರು ತುಂಬಾ ಜೋರಾಗಿ ಗೊರಕೆ ಹೊಡೀತಾರೆ. ಮಧ್ಯದಲ್ಲಿ ಉಸಿರೇ ನಿಂತುಹೋಗುತ್ತೆ, ನಾನೇ ಅಲ್ಲಾಡಿಸಿ ಎಬ್ಬಿಸ್ತೀನಿ." ಕೌಂಟರಿನಲ್ಲಿದ್ದವರು "ಗೊರಕೆ ಎಲ್ಲರಿಗೂ ಇರುತ್ತಮ್ಮಾ" ಅಂದು ಸಹಿ ಹಾಕಿಸಿಕೊಂಡರಂತೆ.

ಸ್ಟಾಪ್-ಬ್ಯಾಂಗ್ ಅನ್ನುವ ಎಂಟು ಪ್ರಶ್ನೆಗಳ ಪಟ್ಟಿ ನಿಮ್ಮ ಅನಸ್ತೇಶಿಯಾ ವೈದ್ಯರಿಗೆ ಗೊತ್ತೇ ಇರುತ್ತದೆ. ತಂದೆಗೆ ಅದನ್ನೇ ಹಾಕಿ ನೋಡಿ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ, ನಿದ್ದೆಯಲ್ಲಿ ಉಸಿರು ನಿಲ್ಲುವುದು, ಬಿಪಿ, ವಯಸ್ಸು 50 ದಾಟಿರುವುದು, ಗಂಡಸು. ಕತ್ತಿನ ಸುತ್ತಳತೆಗೆ ಟೇಪ್ ಹಿಡಿಯುವ ಮೊದಲೇ ಆರು ಅಂಕ. ಐದು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ, ಇರುವ ಸಾಧ್ಯತೆ ಜಾಸ್ತಿ ಎಂದೇ ಲೆಕ್ಕ.

ಇಂಥವರ ಗಂಟಲು ನಿದ್ದೆಯಲ್ಲಿ ಸಡಿಲಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಾದರೆ ಮೆದುಳು ತಟ್ಟನೆ ಎಚ್ಚರಿಸುತ್ತದೆ. ಮಂಪರಿನ ಮದ್ದು, ಫೆಂಟನಿಲ್‌ನಂಥ ನೋವಿನ ಇಂಜೆಕ್ಷನ್ ಆ ಎಚ್ಚರವನ್ನೇ ಮಂಕು ಮಾಡುತ್ತವೆ. ತಂದೆಗೆ ಎರಡನ್ನೂ ಕೊಟ್ಟು, ಅಂಗಾತ ಮಲಗಿಸಿದ್ದೀರಿ. ಆಕ್ಸಿಜನ್ ಮಟ್ಟ 81ಕ್ಕೆ ಇಳಿದು ಅಲಾರಂ ಹೊಡೆದಾಗ ನಿಮ್ಮ ಸಿಸ್ಟರ್ ಓಡಿಬಂದು ದವಡೆ ಎತ್ತಿಹಿಡಿದು, ಆಕ್ಸಿಜನ್ ಕೊಟ್ಟು, ತಲೆ ಎತ್ತರಿಸಿ ಕೂರಿಸಿದರು. ಅವರಿಗೆ ನಾವು ಋಣಿಗಳು. ಆದರೆ ಇದೇ ಮದ್ದಿನ ಅಮಲಿನಲ್ಲಿ ತಂದೆ ಸಂಜೆ ಮನೆಗೆ ಬಂದು ಮಲಗಿದ್ದರೆ? ಅಲ್ಲಿ ಅಲಾರಂ ಎಲ್ಲಿರುತ್ತೆ?

ಬಿಪಿಯ ವಿಷಯವೂ ಹೀಗೇ. ಬರೀ "ಹೌದು" ಅಂದರೆ ಏನು ತಿಳಿಯುತ್ತದೆ? ತಂದೆ ತೆಗೆದುಕೊಳ್ಳುವುದು ಟೆಲ್ಮಿಸಾರ್ಟನ್. ಅನಸ್ತೇಶಿಯಾ ಕೊಟ್ಟ ಮೇಲೆ ಬಿಪಿ ಕುಸಿಯಬಹುದೆಂದು ಹಲವು ವೈದ್ಯರು ಇದನ್ನು 24 ಗಂಟೆ ಮುಂಚೆ ನಿಲ್ಲಿಸುತ್ತಾರೆ. ಮೆಟೊಪ್ರೊಲಾಲ್ ತರಹದ ಮಾತ್ರೆಯನ್ನು ಸಾಮಾನ್ಯವಾಗಿ ಬಿಡಿಸುವುದಿಲ್ಲ. ಇದನ್ನು ತೀರ್ಮಾನಿಸಬೇಕಾದವರು ವೈದ್ಯರು. ಮಾತ್ರೆಯ ಹೆಸರು, ಕೊನೆಯದಾಗಿ ನುಂಗಿದ ಹೊತ್ತು ಬರೆಯಲು ಜಾಗವೇ ಇಲ್ಲದಿದ್ದರೆ ಅವರು ತೀರ್ಮಾನಿಸುವುದು ಹೇಗೆ? ತಂದೆ ಅವತ್ತು ಬೆಳಿಗ್ಗೆಯೂ ಮಾತ್ರೆ ನುಂಗಿದ್ದರು. ಚಾರ್ಟಿನಲ್ಲಿ ಮೇಲಿನ ಬಿಪಿ 78ಕ್ಕೆ ಇಳಿದಿರುವುದನ್ನು ನೋಡಿದೆ.

ಆ ರಾತ್ರಿ ಅವರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡದ್ದು ಸರಿಯೇ. ಆದರೆ ಅದರ ಬಿಲ್ ನಮ್ಮ ಮೇಲೆ ಹಾಕಿದ್ದು ನ್ಯಾಯವಲ್ಲ, ದಯವಿಟ್ಟು ಆ ಹಣ ವಾಪಸ್ ಕೊಡಿ. ಗೊರಕೆಯ ಪ್ರಶ್ನೆಗಳನ್ನೂ ಮಾತ್ರೆಯ ವಿವರವನ್ನೂ ಫಾರಂಗೆ ಸೇರಿಸಿ, ಅನಸ್ತೇಶಿಯಾ ವೈದ್ಯರೇ ಓದಿ ಸಹಿ ಹಾಕುವಂತೆ ಮಾಡಿ. ಮತ್ತೊಂದು ತುರ್ತು ಕೆಲಸವಿದೆ. ಡಿಸ್ಚಾರ್ಜ್ ಸಮರಿಯಲ್ಲಿ ಆಕ್ಸಿಜನ್ ಇಳಿದದ್ದನ್ನು ಬರೆದೇ ಇಲ್ಲ. ಅದನ್ನು ಬರೆದು, ಸ್ಲೀಪ್ ಸ್ಟಡಿಗೆ ಸಲಹೆ ಸೇರಿಸಿ, ತಿದ್ದಿದ ಪ್ರತಿಯನ್ನು ಈ ವಾರದೊಳಗೆ ಕಳಿಸಿಕೊಡಿ.

ಇಂತಿ,
ರೋಗಿಯ ಮಗಳು